ಹುಟ್ಟುಹಬ್ಬದವರ ಎರಡು ಮಾತು

ಅರವತ್ತು ತುಂಬಿದವರ ಮನೆಯ ಸಮಾರಂಭದಲ್ಲಿ ಹೋಮ, ಆರತಿ ಅಥವಾ ಕೇಕು ಮುಗಿದ ಮೇಲೆ ಒಂದಿಬ್ಬರು ನೆಂಟರು ಹೊಗಳಿ ಮಾತಾಡುತ್ತಾರೆ. ಆಮೇಲೆ ಮೈಕು ಹುಟ್ಟುಹಬ್ಬದವರ ಕೈಗೆ ಬರುತ್ತದೆ, ‘ಎರಡು ಮಾತು ಹೇಳಿ’ ಎಂಬ ಒತ್ತಾಯದ ಜೊತೆಗೆ. ಅಷ್ಟು ಹೊತ್ತಿಗೆ ಊಟದ ಮನೆಯಲ್ಲಿ ಎಲೆ ಹಾಕುತ್ತಿರುತ್ತಾರೆ. ಸಭೆ ಪೂರ್ತಿ ಕಿವಿಗೊಡುವುದು ಎರಡು ನಿಮಿಷ, ಹೆಚ್ಚೆಂದರೆ ಮೂರು. ನಿಧಾನವಾಗಿ ಮಾತಾಡುವವರಿಗೆ ಅದು ಇನ್ನೂರು ಪದಗಳ ಆಸುಪಾಸು, ಅಂದರೆ ಕೈಬರಹದ ಒಂದು ಪುಟ.

ಇಷ್ಟರಲ್ಲಿ ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ಈಗಷ್ಟೇ ಕೇಳಿದ ಹೊಗಳಿಕೆಗೆ ಉತ್ತರ ಕೊಡುವುದು. ಎರಡನೆಯದು, ಕೃತಜ್ಞತೆ ಹೇಳುವುದು. ಹೆಚ್ಚಿನವರಿಗೆ ಕಷ್ಟವಾಗುವುದು ಮೊದಲನೆಯದೇ. ಒಪ್ಪಿಕೊಂಡರೆ ಜಂಭ ಎನಿಸುತ್ತದೆ. ‘ಅಯ್ಯೋ, ನಾನೇನು ಮಾಡಿದೆ’ ಎಂದು ಪೂರ್ತಿ ತಳ್ಳಿಹಾಕಿದರೆ ಹೊಗಳಿದವರನ್ನೇ ಸುಳ್ಳರೆಂದಂತಾಗುತ್ತದೆ.

ಇದನ್ನು ಜಾಣತನದಿಂದ ನಿಭಾಯಿಸಿದ ಪ್ರಸಿದ್ಧ ಉದಾಹರಣೆ ಲಂಡನ್ನಿನದು. 1954ರ ನವೆಂಬರ್ 30ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್‌ಗೆ ಎಂಬತ್ತು ತುಂಬಿತು. ಸಂಸತ್ತಿನ ಎರಡೂ ಸದನಗಳವರು ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ಸೇರಿ ಅಭಿನಂದಿಸಿದರು. ಯುದ್ಧಕಾಲದಲ್ಲಿ ದೇಶಕ್ಕೆ ಧೈರ್ಯ ತುಂಬಿದವರು ನೀವೇ ಎಂಬುದು ಎಲ್ಲರ ಮಾತು. ಚರ್ಚಿಲ್ ಅದನ್ನು ನಯವಾಗಿ ತಿರುಗಿಸಿದರು. ಸಿಂಹದ ಗುಂಡಿಗೆ ಇದ್ದದ್ದು ಜನರಿಗೆ, ಗರ್ಜಿಸುವ ಭಾಗ್ಯ ಮಾತ್ರ ತಮ್ಮದಾಯಿತು ಎಂಬ ಅರ್ಥದ ಮಾತಾಡಿದರು. ದೊಡ್ಡ ಪಾಲನ್ನು ಎದುರಿಗಿದ್ದವರಿಗೆ ಒಪ್ಪಿಸಿ, ಸಣ್ಣದೊಂದು ಪಾಲನ್ನು ತಾವೇ ಇಟ್ಟುಕೊಂಡದ್ದರಿಂದ ಅದು ಹುಸಿ ವಿನಯವಾಗಲಿಲ್ಲ.

ಅದೇ ಭಾಷಣದಲ್ಲಿ ಮುಳ್ಳೂ ಇತ್ತು. ಸದಸ್ಯರು ಉಡುಗೊರೆಯಾಗಿ ಕೊಟ್ಟದ್ದು ಗ್ರಹಾಂ ಸದರ್ಲೆಂಡ್ ಬರೆದ ಚರ್ಚಿಲ್ಲರದೇ ಭಾವಚಿತ್ರ. ಅದು ಅವರಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ಆಧುನಿಕ ಕಲೆಗೆ ಇದೊಂದು ಗಮನಾರ್ಹ ನಿದರ್ಶನ ಎಂದು ಅವರು ಹೇಳಿದ ಧಾಟಿಗೆ ಸಭೆ ಗೊಳ್ಳೆಂದಿತು. ಮುಂದೆ ಆ ಚಿತ್ರವನ್ನು ಚರ್ಚಿಲ್ಲರ ಮನೆಯವರೇ ನಾಶ ಮಾಡಿಸಿದರು. ನಮ್ಮ ಸಮಾರಂಭಗಳಲ್ಲಿ ಉಡುಗೊರೆ ತಂದವರು ಎರಡನೇ ಸಾಲಿನ ಕುರ್ಚಿಯಲ್ಲೇ ಕೂತಿರುತ್ತಾರೆ. ಆದ್ದರಿಂದ ಉಡುಗೊರೆಯ ಗುಣದೋಷದ ಮಾತು ಬೇಡ. ಆರಿಸಿ ತರಲು ಅವರು ಪಟ್ಟ ಶ್ರಮಕ್ಕೆ ನಮಸ್ಕಾರ ಹೇಳಿದರೆ ಸಾಕು.

ಇನ್ನು ಕೃತಜ್ಞತೆಯ ಭಾಗ. ಕರ್ನಾಟಕ ಸರ್ಕಾರದ ನೌಕರರಿಗೆ ನಿವೃತ್ತಿಯ ವಯಸ್ಸೂ ಅರವತ್ತೇ. ಹೀಗಾಗಿ ಬಹಳ ಜನ ಆಸುಪಾಸಿನ ದಿನಗಳಲ್ಲೇ ಕಚೇರಿಯಲ್ಲೊಂದು ಬೀಳ್ಕೊಡುಗೆ ಭಾಷಣ ಮಾಡಿರುತ್ತಾರೆ. ಮನೆಯ ಸಮಾರಂಭದಲ್ಲೂ ಅದೇ ಹೊರಬರುತ್ತದೆ: ‘ನನ್ನ ಏಳಿಗೆಗೆ ಕಾರಣರಾದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು.’ ಈ ವಾಕ್ಯವನ್ನು ಯಾರು ಎಲ್ಲಿ ಬೇಕಾದರೂ ಹೇಳಬಹುದು, ಹಾಗಾಗಿ ಇದು ಯಾರಿಗೂ ತಗಲುವುದಿಲ್ಲ. ಇದರ ಅಪಾಯ ಬಲ್ಲವರು ಇನ್ನೊಂದು ತುದಿಗೆ ಹೋಗಿ ಹೆಸರುಗಳ ಪಟ್ಟಿ ಓದುತ್ತಾರೆ. ಪಟ್ಟಿ ಶುರುವಾದ ಕೂಡಲೇ ಅದು ಹಾಜರಿ ಪುಸ್ತಕವಾಗುತ್ತದೆ. ಕೂತವರೆಲ್ಲ ತಮ್ಮ ಹೆಸರಿಗಾಗಿ ಕಾಯುತ್ತಾರೆ, ಬಿಟ್ಟುಹೋದ ಒಬ್ಬರು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ಇದಕ್ಕೆ ದಾರಿ, ಒಬ್ಬರು ಮಾಡಿದ ಒಂದೇ ಉಪಕಾರವನ್ನು ಆರಿಸಿ, ಊರು, ವರ್ಷ, ನಡೆದ ಸಂಗತಿಯ ಸಮೇತ ಹೇಳುವುದು. ಉಳಿದವರನ್ನು ಗುಂಪಾಗಿ ನೆನೆಯುವುದು. ಕಥೆ ಹೇಳುವಾಗ ತನ್ನ ಹೆಸರು ಬರಲಿಲ್ಲವೆಂದು ಯಾರೂ ಮುನಿಯುವುದಿಲ್ಲ. ಮಾದರಿಗೆ, ತಿಪಟೂರು ಕಡೆಯ ಒಬ್ಬ ಪ್ರೌಢಶಾಲಾ ಶಿಕ್ಷಕಿಯನ್ನು ಊಹಿಸಿಕೊಳ್ಳೋಣ. ಅವರ ಮಾತು ಹೀಗಿರಬಹುದು:

‘ಎಲ್ಲರಿಗೂ ನಮಸ್ಕಾರ. ನನ್ನ ಬಗ್ಗೆ ಹೇಳಿದ್ದು ಕೇಳ್ತಾ ಇದ್ರೆ ಬೇರೆ ಯಾರದೋ ಹುಟ್ಟುಹಬ್ಬಕ್ಕೆ ಬಂದು ಕೂತಿದ್ದೀನೇನೋ ಅನ್ನಿಸ್ತು. ಅದರಲ್ಲಿ ಪಾಠ ಚೆನ್ನಾಗಿ ಮಾಡ್ತಿದ್ದೆ ಅನ್ನೋದನ್ನ ಮಾತ್ರ ಇಟ್ಟುಕೊಳ್ತೀನಿ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಅಲ್ಲಿ ಕಂಬದ ಪಕ್ಕ ಕೂತಿರೋ ನಮ್ಮಕ್ಕಂದು. ವರಸೆಯಲ್ಲಿ ನನ್ನ ಓರಗಿತ್ತಿ. 1994ರಲ್ಲಿ ನಾನು ಬಿ.ಎಡ್. ಓದೋದಕ್ಕೆ ಮೈಸೂರಿಗೆ ಹೋದಾಗ ನನ್ನ ಮಗನಿಗೆ ಒಂದೂವರೆ ವರ್ಷ. ಅಕ್ಕ ತನ್ನ ಎರಡು ಮಕ್ಕಳ ಜೊತೆ ಅವನನ್ನೂ ಸಾಕಿದಳು. ಶನಿವಾರ ರಾತ್ರಿ ನಾನು ಬಸ್ಸಿಳಿದು ಬಂದಾಗ ಅವನು ಮಾಡಿದ ಹಟದ ವಿಷಯ ಒಂದಿನವೂ ಎತ್ತಲಿಲ್ಲ, ನಾನು ಓದು ಬಿಟ್ಟುಬಿಡ್ತೀನಿ ಅನ್ನೋ ಭಯ ಅವಳಿಗೆ. ಅಕ್ಕಾ, ನನ್ನ ನೌಕರಿ ನೀನು ಕೊಟ್ಟಿದ್ದು. ನಮ್ಮಮ್ಮ ಇದ್ದಿದ್ದರೆ ಅವಳೂ ಇದೇ ಮಾತು ಹೇಳೋಳು. ಮಗ, ಸೊಸೆ ನನಗೆ ಸುಳಿವೇ ಕೊಡದೆ ಇದನ್ನೆಲ್ಲ ಮಾಡಿದ್ದಾರೆ. ನೀವೆಲ್ಲ ಕೆಲಸ ಬಿಟ್ಟು, ದೂರದಿಂದ ಬಂದಿದ್ದೀರಿ. ನಿಮ್ಮೆಲ್ಲರಿಗೂ ನನ್ನ ನಮಸ್ಕಾರ. ಎಲೆ ಹಾಕಿದ್ದಾರೆ, ದಯವಿಟ್ಟು ಊಟಕ್ಕೆ ಏಳಿ.’

ಇದನ್ನು ಹೇಳಲು ಎರಡು ನಿಮಿಷ ಬೇಕಿಲ್ಲ. ಹೊಗಳಿಕೆಯಲ್ಲಿ ಒಂದು ಚೂರನ್ನು ಆಕೆ ಉಳಿಸಿಕೊಂಡಿದ್ದಾರೆ. ‘ಅಕ್ಕ ತುಂಬ ಸಹಾಯ ಮಾಡಿದ್ದಾಳೆ’ ಎಂದು ಹೇಳುವ ಬದಲು ಮಾಡಿದ್ದೇನೆಂದು ತೋರಿಸಿದ್ದಾರೆ, ಹಾಗಾಗಿ ಅಕ್ಕನ ಪರಿಚಯವೇ ಇಲ್ಲದ ಪಕ್ಕದ ಮನೆಯವರಿಗೂ ಉಪಕಾರದ ತೂಕ ಗೊತ್ತಾಗುತ್ತದೆ. ತೀರಿಹೋದ ತಾಯಿಯ ನೆನಪು ಒಂದೇ ವಾಕ್ಯದಲ್ಲಿ, ಅದೂ ನಡುವೆ ಬಂದಿದೆ. ಗಂಟಲು ಕಟ್ಟುವುದು ಸಾಮಾನ್ಯವಾಗಿ ಇಂಥ ಕಡೆಯೇ. ಅದನ್ನು ಕೊನೆಗಿಟ್ಟರೆ ಅಳುವಿನಲ್ಲೇ ಮಾತು ನಿಂತುಹೋಗಬಹುದು. ನಡುವೆ ಇದ್ದರೆ ಸ್ವಲ್ಪ ತಡೆದು, ಮಗ ಸೊಸೆಯ ವಿಷಯಕ್ಕೆ ದಾಟಿ ದನಿ ಸರಿಮಾಡಿಕೊಳ್ಳಬಹುದು.

ಎಲ್ಲ ಉಪಕಾರವೂ ಮೈಕಿನಲ್ಲಿ ಹೇಳುವಂಥದ್ದಲ್ಲ. ಕಷ್ಟಕಾಲದಲ್ಲಿ ಸಾಲ ಕೊಟ್ಟವರು ಅದನ್ನು ಮನೆಯಲ್ಲೇ ಹೇಳಿರದೆ ಇರಬಹುದು. ಆಸ್ಪತ್ರೆ, ಕೋರ್ಟು, ಮುರಿದುಬಿದ್ದ ಸಂಬಂಧಗಳ ವಿಷಯದಲ್ಲೂ ಹೀಗೆಯೇ. ಇಂಥದ್ದನ್ನು ಆರಿಸಿಕೊಂಡಿದ್ದರೆ ಹಿಂದಿನ ದಿನ ಅವರನ್ನೇ ಕೇಳಬೇಕು. ಅವರು ಹಿಂಜರಿದರೆ ಸಮಾರಂಭ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳುವುದೇ ಸರಿ. ಗಂಡ ಹೆಂಡತಿಯನ್ನೋ, ಹೆಂಡತಿ ಗಂಡನನ್ನೋ ತಮಾಷೆ ಮಾಡುವ ಮಾತಿಗೂ ಈ ಎಚ್ಚರ ಬೇಕು. ಊಟದ ಮೇಜಿನಲ್ಲಿ ನಗು ತರಿಸಿದ್ದು ನೂರು ಜನರ ಎದುರು ಚುಚ್ಚಬಹುದು.

ಪೂರ್ತಿ ಬರೆದು ತಂದು ಓದಿದರೆ ಕಣ್ಣು ಹಾಳೆಯಲ್ಲೇ ಉಳಿಯುತ್ತದೆ. ಏನೂ ಬರೆಯದಿದ್ದರೆ ಬಾಲ್ಯದಿಂದ ಶುರುವಾದ ಜೀವನಚರಿತ್ರೆ ಮದುವೆಯವರೆಗೆ ಬರುವಷ್ಟರಲ್ಲಿ ಹಿಂದಿನ ಸಾಲು ಖಾಲಿಯಾಗಿರುತ್ತದೆ. ಚೀಟಿಯಲ್ಲಿ ನಾಲ್ಕೈದು ಪದ ಸಾಕು: ಹೊಗಳಿಕೆ, ಅಕ್ಕ, ಅಮ್ಮ, ಮಕ್ಕಳು, ಊಟ. ಕೊನೆಯ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಬೇಕು, ಏಕೆಂದರೆ ಮಾತು ಲಂಬಿಸುವುದು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದಾಗ. ಮೈಕನ್ನು ತುಟಿಯಿಂದ ನಾಲ್ಕು ಬೆರಳಷ್ಟು ದೂರ ಹಿಡಿಯಬೇಕು. ಸ್ಪೀಕರ್ ಡಬ್ಬದ ಮುಂದೆ ನಿಂತರೆ ಅದರ ದನಿಯೇ ಮತ್ತೆ ಮೈಕಿಗೆ ನುಗ್ಗಿ ಕೀರಲು ಸದ್ದಾಗುತ್ತದೆ, ಆದ್ದರಿಂದ ಡಬ್ಬದ ಹಿಂಬದಿಗೆ ನಿಲ್ಲಬೇಕು. ಕೈ ನಡುಗುವ ಹಿರಿಯರಾದರೆ ಮೊಮ್ಮಗಳು ಮೈಕು ಹಿಡಿದುಕೊಳ್ಳಲಿ. ಆಗ ಅವರ ಎರಡೂ ಕೈ ನಮಸ್ಕಾರಕ್ಕೆ ಬಿಡುವಾಗಿರುತ್ತವೆ.