ಕಲಿಕಾ ಚಾಲನಾ ಪರವಾನಗಿಯ ಜ್ಞಾನ ಪರೀಕ್ಷೆ (ತುಮಕೂರು)

ಕಲಿಕಾ ಚಾಲನಾ ಪರವಾನಗಿಯ ಜ್ಞಾನ ಪರೀಕ್ಷೆಯು ವಾಹನ ಚಾಲನೆಯನ್ನು ಕಲಿಯಲು ಅನುಮತಿ ಬಯಸುವವರು ಎದುರಿಸಬೇಕಾದ ವಸ್ತುನಿಷ್ಠ ಮಾದರಿಯ ಪರೀಕ್ಷೆಯಾಗಿದೆ. ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ನ ನಿವಾಸಿಗಳಿಗೆ ತುಮಕೂರಿನ ಪ್ರಾದೇಶಿಕ ಸಾರಿಗೆ ಕಚೇರಿ (ಕೆಎ-06) ಈ ಪರವಾನಗಿಯನ್ನು ನೀಡುತ್ತದೆ.

ಪರೀಕ್ಷೆಯ ಆಧಾರ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಾವಳಿಯ 11ನೇ ನಿಯಮ. ಸಂಚಾರ ಚಿಹ್ನೆಗಳು ಹಾಗೂ ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರಿಕೆ, ಜೊತೆಯಲ್ಲಿರಬೇಕಾದ ದಾಖಲೆಗಳು ಇದರ ವಿಷಯಗಳು. ತೇರ್ಗಡೆಗೆ ಕನಿಷ್ಠ ಶೇ. 60ರಷ್ಟು ಉತ್ತರಗಳು ಸರಿಯಿರಬೇಕು.

ನಿಯಮವು ಗೊತ್ತುಪಡಿಸಿರುವುದು ಈ ಪ್ರಮಾಣವನ್ನೇ ಹೊರತು ಪ್ರಶ್ನೆಗಳ ಸಂಖ್ಯೆಯನ್ನಲ್ಲ. ಸಂಖ್ಯೆಯು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಕೇರಳದಲ್ಲಿ 20 ಪ್ರಶ್ನೆಗಳಿಗೆ 12 ಸರಿಯುತ್ತರ ಸಾಕಾಗುತ್ತಿತ್ತು. 2025ರಲ್ಲಿ ಅದನ್ನು 30ಕ್ಕೆ 18 ಎಂದು ಬದಲಿಸಲಾಯಿತು. ಪ್ರಮಾಣ ಮಾತ್ರ ಎರಡರಲ್ಲೂ ಒಂದೇ. ಬ್ರಿಟನ್ನಿನ ಪರೀಕ್ಷೆಯಲ್ಲಿ 50ಕ್ಕೆ 43 ಬೇಕು, ಅವಧಿ 57 ನಿಮಿಷ. ಅಂತರಜಾಲದ ಅಭ್ಯಾಸ ಪುಟಗಳಲ್ಲಿ ಇಂಥ ಅಂಕಿಗಳು ಬೆರೆತಿರುತ್ತವೆ. 15ಕ್ಕೆ 11 ಬೇಕೆಂಬ ಪುಟವೊಂದನ್ನು ಕಂಡರೆ ಶೇಕಡಾವಾರು ಲೆಕ್ಕ ಹಾಕಿ ನೋಡಬಹುದು: ಅದು ಶೇ. 73 ಆಗುತ್ತದೆ, ಕೇಂದ್ರ ನಿಯಮದ ಕನಿಷ್ಠವಲ್ಲ.

ಋಣಾತ್ಮಕ ಅಂಕಗಳ ವಿಷಯದಲ್ಲಿ ಅಭ್ಯರ್ಥಿಗಳು ಹೆಚ್ಚು ಎಡವುತ್ತಾರೆ. ಕರ್ನಾಟಕ ಲೋಕಸೇವಾ ಆಯೋಗದ ವಸ್ತುನಿಷ್ಠ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಶ ಅಂಕ ಕಳೆಯುವುದರಿಂದ, ಅದಕ್ಕೆ ಸಿದ್ಧರಾದವರಿಗೆ ಅನುಮಾನವಿದ್ದ ಪ್ರಶ್ನೆಯನ್ನು ಬಿಡುವ ರೂಢಿ ಇರುತ್ತದೆ. ಇಲ್ಲಿ ಎಣಿಸುವುದು ಸರಿಯುತ್ತರಗಳನ್ನು ಮಾತ್ರ. ಉದಾಹರಣೆಗೆ, 15 ಪ್ರಶ್ನೆಗಳಿದ್ದು ತೇರ್ಗಡೆಗೆ 9 ಬೇಕಾಗಿದೆ ಎನ್ನೋಣ. ಕುಣಿಗಲ್ಲಿನ ಅಭ್ಯರ್ಥಿಯೊಬ್ಬರಿಗೆ 8 ಖಚಿತವಾಗಿ ತಿಳಿದಿದ್ದು, ಉಳಿದ 7ನ್ನು ಬಿಟ್ಟರೆ ಅವರು ಒಂದೇ ಅಂಕದಿಂದ ಅನುತ್ತೀರ್ಣರಾಗುತ್ತಾರೆ. ಪ್ರತಿ ಪ್ರಶ್ನೆಗೆ ಮೂರು ಆಯ್ಕೆಗಳಿದ್ದು, ಆ ಏಳಕ್ಕೂ ಊಹಿಸಿ ಉತ್ತರಿಸಿದರೆ ಒಂದಾದರೂ ಸರಿಯಾಗುವ ಸಂಭವ ಶೇ. 94ರಷ್ಟು.

ಸಮಯದ ಮಿತಿ ಸಾಮಾನ್ಯವಾಗಿ ಪ್ರತಿ ಪ್ರಶ್ನೆಗೂ ಪ್ರತ್ಯೇಕ. ಕೇರಳದಲ್ಲಿ ಇದು 30 ಸೆಕೆಂಡು. ಒಂದರಲ್ಲಿ ಉಳಿಸಿದ ಸೆಕೆಂಡುಗಳು ಮುಂದಿನದಕ್ಕೆ ಸೇರುವುದಿಲ್ಲ. ಆದ್ದರಿಂದ ಚಿಹ್ನೆಗಳನ್ನು ನೋಡಿದೊಡನೆ ಗುರುತಿಸುವಂತಿರಬೇಕು.

ತಮಗೆ ಅನ್ವಯಿಸುವ ಅಂಕಿಗಳನ್ನು ತಿಳಿಯಲು sarathi.parivahan.gov.in ತಾಣದಲ್ಲಿ ಕರ್ನಾಟಕವನ್ನು ಆರಿಸಿ ಅಲ್ಲಿನ ಅಣಕು ಪರೀಕ್ಷೆಯನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಉತ್ತರಿಸಲು ಅವಕಾಶವಿದೆ. ನಿಜವಾದ ಪರೀಕ್ಷೆ ಆರಂಭವಾಗುವ ಮೊದಲು ತೆರೆಯ ಮೇಲೆ ಬರುವ ಸೂಚನೆಗಳೇ ಅಂತಿಮ; ಪರಿಚಿತರು ಕಳೆದ ವರ್ಷ ಬರೆದ ಪರೀಕ್ಷೆಯ ನೆನಪು ಅದಕ್ಕೆ ಬದಲಿಯಾಗದು. ತೇರ್ಗಡೆಯಾದವರಿಗೆ ದೊರೆಯುವ ಕಲಿಕಾ ಪರವಾನಗಿ 6 ತಿಂಗಳು ಸಿಂಧುವಾಗಿರುತ್ತದೆ. ಅದು ದೊರೆತು 30 ದಿನ ಕಳೆದ ಬಳಿಕ ಚಾಲನಾ ಪರೀಕ್ಷೆಗೆ ಹಾಜರಾಗಬಹುದು.