ಮಗ್ಗುಲ ಮಾರಿ, ಎದುರು ಮಾರಿ

ಗಜೇಂದ್ರಗಡದ ಕಾಲಕಾಲೇಶ್ವರ ಜಾತ್ರೆಯ ಹಳೆಯ ಫೋಟೋ ಒಂದಿದೆ ಎಂದುಕೊಳ್ಳಿ. ತೇರು ನೋಡುತ್ತ ನಿಂತ ಅಜ್ಜಿಯ ಎಡ ಮಗ್ಗುಲಷ್ಟೇ ಅದರಲ್ಲಿ ಬಿದ್ದಿದೆ. ಆಕೆಯ ಬೇರೆ ಫೋಟೋ ಇಲ್ಲ. ಗೋಡೆಗೆ ಹಾಕಲು ಎದುರು ಮಾರಿ ಬೇಕು. ಆಕೆಯ ತಂಗಿಯ ಎದುರು ಫೋಟೋ ತಂದ ಮೊಮ್ಮಗ, ಅದರ ಮೇಲೆ ಅಜ್ಜಿಯ ಮುಖ ಕೂರಿಸಿ ಎನ್ನುತ್ತಾನೆ.

ಕತ್ತರಿಸಿ ಅಂಟಿಸಿದರೆ ಆಗದು, ತಲೆಯನ್ನೇ ತಿರುಗಿಸಬೇಕು. ಅದಕ್ಕೆ ಬಳಸುವುದು ಮುಖದ ಮೂರು ಆಯಾಮದ ಮಾದರಿ. 1999ರಲ್ಲಿ ಫೋಲ್ಕರ್ ಬ್ಲಾಂಟ್ಸ್ ಮತ್ತು ಥಾಮಸ್ ಫೆಟ್ಟರ್ 200 ಜನರ ಮುಖಗಳನ್ನು ಲೇಸರಿನಿಂದ ಅಳೆದು ಇಂಥದ್ದೊಂದನ್ನು ಕಟ್ಟಿದರು. ಎಲ್ಲರದೂ ಸೇರಿ ಒಂದು ಸರಾಸರಿ ಮುಖ, ಜೊತೆಗೆ ಮುಖಗಳು ಅದರಿಂದ ಹೇಗೆ ಹೇಗೆ ಬೇರೆಯಾಗುತ್ತವೆ ಎಂಬ ಲೆಕ್ಕ. ಈ ಮಾದರಿಯ ಹಣೆ, ಮೂಗು, ತುಟಿ, ಗದ್ದದ ಅಂಚು ಫೋಟೋದ ಅಂಚಿಗೆ ಕೂಡುವ ತನಕ ಪ್ರೋಗ್ರಾಮು ಅದನ್ನು ತಿದ್ದುತ್ತದೆ. ಆಮೇಲೆ ಫೋಟೋದ ಬಣ್ಣವನ್ನು ಮಾದರಿಗೆ ಹೊದಿಸಿ, 90 ಡಿಗ್ರಿ ತಿರುಗಿಸಿ, ತಂಗಿಯ ಮುಖದ ಜಾಗದಲ್ಲಿ ಇಡುತ್ತದೆ.

ತೊಡಕು ಶುರುವಾಗುವುದು ಇಲ್ಲಿ. ಎದುರಿನಿಂದ ಚೆನ್ನಾಗಿ ಕಾಣುವ ಭಾಗವೇ ಮಗ್ಗುಲಿನಿಂದ ಓರೆಯಾಗಿ, ಸಣ್ಣದಾಗಿ ಕಾಣುತ್ತದೆ. ಮೂಗಿನ ಪಕ್ಕದ ಕೆನ್ನೆಯ ಒಂದು ತುಣುಕು ಎದುರು ಕ್ಯಾಮೆರಾಕ್ಕೆ 20 ಡಿಗ್ರಿ ಓರೆ ಇದ್ದರೆ ಮಗ್ಗುಲ ಕ್ಯಾಮೆರಾಕ್ಕೆ 70 ಡಿಗ್ರಿ ಓರೆ. ಹಾಗಾಗಿ ಜಾತ್ರೆಯ ಫೋಟೋದಲ್ಲಿ ಅದರ ಅಗಲ ಮೂರನೇ ಒಂದು ಪಾಲಿಗೆ ಕುಗ್ಗಿರುತ್ತದೆ. ತಿರುಗಿಸಿದಾಗ ಸುಮಾರು ಎರಡೂಮುಕ್ಕಾಲು ಪಟ್ಟು ಎಳೆಯಬೇಕು. ಕೆನ್ನೆ ಮಸುಕಾಗಿ ಬಳಿದಂತೆ ಕಾಣುವುದು ಇದರಿಂದಲೇ. ಹಣೆಯ ನಟ್ಟನಡುವಿನ ಕುಂಕುಮದ್ದು ಇನ್ನೂ ಕಷ್ಟ: ಅಂಚಿನಲ್ಲಿ ಕೆಂಪು ಗೀಟಾಗಿ ಬಿದ್ದದ್ದು ಎಳೆದರೆ ಪಟ್ಟಿಯಾಗುತ್ತದೆ.

ಬಲಗಡೆಯಂತೂ ಫೋಟೋದಲ್ಲೇ ಇಲ್ಲ. ಎಡಗಡೆಯದನ್ನೇ ಕನ್ನಡಿಯಂತೆ ಮಗುಚುವುದು ಸುಲಭದ ದಾರಿ. ಆದರೆ ಮೂಗುಬಟ್ಟು ಎರಡೂ ಕಡೆ ಬಂದುಬಿಡುತ್ತದೆ, ಕೆನ್ನೆಯ ಮಚ್ಚೆಯೂ ಅಷ್ಟೇ. ಮಗುಚಿದ್ದನ್ನು ಪತ್ತೆ ಹಚ್ಚಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಎಡಕ್ಕೆ ಬಿದ್ದ ಬಿಸಿಲೂ ಮಗುಚಿಕೊಂಡು, ಎರಡೂ ಕೆನ್ನೆಗೆ ಸೂರ್ಯ ಹುಟ್ಟಿದಂತಾಗುತ್ತದೆ.

ಇವನ್ನು ಕೈಯಿಂದ ತಿದ್ದಬಹುದು. ತಿದ್ದಲಾಗದ್ದು ಮುಖದ ಅಗಲ. ಮೂಗು ಎಷ್ಟು ಮುಂದೆ ಚಾಚಿದೆ ಎಂಬುದನ್ನು ಮಗ್ಗುಲ ಫೋಟೋ ಎದುರು ಫೋಟೋಗಿಂತ ಖಚಿತವಾಗಿ ಹೇಳುತ್ತದೆ. ಕಣ್ಣಿಂದ ಕಣ್ಣಿಗೆ ಎಷ್ಟು ದೂರ, ದವಡೆ ಎಷ್ಟು ಅಗಲ ಎಂಬುದನ್ನು ಹೇಳುವುದಿಲ್ಲ. ಇಂಥ ಮೂಗಿನವರಿಗೆ ಸಾಮಾನ್ಯವಾಗಿ ಇಷ್ಟು ಅಗಲ ಎಂದು ಮಾದರಿ ಅಂದಾಜು ಕಟ್ಟುತ್ತದೆ. ಅಂದರೆ ಆ ಅಳತೆ ಅಜ್ಜಿಯದಲ್ಲ, ಎಂದೋ ಲೇಸರಿನ ಮುಂದೆ ಕೂತ ಪರದೇಶದವರದು. ಮಾದರಿ ಕಟ್ಟಲು ಅಳೆದವರಲ್ಲಿ ನಮ್ಮ ಕಡೆಯ ಮುಖಗಳು ಕಡಿಮೆ ಇದ್ದಷ್ಟೂ ಅಂದಾಜು ಜಾರುತ್ತದೆ. 2016ರ ‘ನಾಗರಹಾವು’ ಚಿತ್ರದಲ್ಲಿ ತೀರಿಹೋದ ವಿಷ್ಣುವರ್ಧನ್ ಅವರನ್ನು ಮತ್ತೆ ತೆರೆಗೆ ತಂದವರಿಗೆ ಈ ಬಡತನ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅವರ ಮುಖ ಎಲ್ಲ ಕೋನಗಳಿಂದಲೂ ಇತ್ತು.

ಅದಕ್ಕೇ ಅನುಭವವಿರುವ ಸ್ಟುಡಿಯೋದವನು ಕಂಪ್ಯೂಟರ್ ಮುಟ್ಟುವ ಮೊದಲು ಕೇಳುತ್ತಾನೆ: “ಆಯೀ ಮಾರಿ ಅಗಲ ಇತ್ತೇನ್ರೀ, ಸಣ್ಣದಿತ್ತೇನ್ರೀ? ಆಕೀನ್ನ ನೋಡಿದಾವ್ರು ಯಾರರ ಮನ್ಯಾಗ ಇದ್ರ ಕರ್ಕೊಂಡ್ ಬರ್ರಿ.”