ಐದನೇ ದಿನಕ್ಕೇ ‘ನೀನು ನನ್ನವಳು’ ಅಂದರೆ

ನನಗೆ ಗೊತ್ತಿರುವ ಹುಡುಗಿಯೊಬ್ಬಳಿಗೆ ಬೆಂಗಳೂರಿನಲ್ಲಿ ಕೆಲಸ. ಭಾನುವಾರ ಡೇಟಿಂಗ್ ಆ್ಯಪ್‌ನಲ್ಲಿ ಒಬ್ಬನ ಜೊತೆ ಮ್ಯಾಚ್ ಆಯಿತು. ಸೋಮವಾರ ವಾಟ್ಸ್‌ಆ್ಯಪ್ ನಂಬರ್ ಕೊಟ್ಟಳು. ಬುಧವಾರ ಅವನು, “ನಿನ್ನ ವಿಷಯ ಅಮ್ಮನಿಗೂ ಹೇಳಿದೀನಿ” ಎಂದ. ಗುರುವಾರ ಮೀಟಿಂಗ್ ಮುಗಿಸಿ ಫೋನ್ ತೆಗೆದರೆ ಹದಿನೇಳು ಮಿಸ್ಡ್ ಕಾಲ್, ಕೆಳಗೊಂದು ಮೆಸೇಜು: “ರಾತ್ರಿ ಹನ್ನೆರಡೂವರೆಗೆ ಆನ್‌ಲೈನ್ ಇದ್ದೆ. ಯಾರ ಜೊತೆ?” ಇಬ್ಬರೂ ಇನ್ನೂ ಮುಖಾಮುಖಿ ಆಗಿರಲಿಲ್ಲ.

“ಪಾಪ, ತುಂಬಾ ಹಚ್ಚಿಕೊಂಡಿದ್ದಾನೆ” ಎಂದುಕೊಂಡಳು ಅವಳು. ಅದರಲ್ಲಿ ಅವಳ ತಪ್ಪೇನಿಲ್ಲ. ಹೊಗಳಿಕೆಯ ಮಳೆ ಸುರಿಯುವಾಗ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಆದರೆ ಹೊಗಳಿಕೆ ಎಷ್ಟು ಎಂಬುದರಿಂದ ಮನುಷ್ಯ ತಿಳಿಯುವುದಿಲ್ಲ, ಸಣ್ಣದೊಂದು ‘ಬೇಡ’ ಕೇಳಿದಾಗ ಅವನು ಏನು ಮಾಡುತ್ತಾನೆ ಎಂಬುದರಿಂದ ತಿಳಿಯುತ್ತದೆ. “ಇವತ್ತು ಬೇಗ ಮಲಗ್ತೀನಿ, ನಾಳೆ ಮಾತಾಡೋಣ” ಎಂದು ಬರೆದು ನೋಡಿ. ಉತ್ಸಾಹ ಹೆಚ್ಚಿದ ಹುಡುಗ ಬೇಸರಪಟ್ಟುಕೊಂಡರೂ ಸುಮ್ಮನಾಗುತ್ತಾನೆ. ಇವಳಿಗೆ ಬೆಳಿಗ್ಗೆ ಏಳುವಷ್ಟರಲ್ಲಿ ಸಾಲು ಸಾಲು ಮೆಸೇಜು: ಮೊದಲು ಗೋಗರೆತ, ಆಮೇಲೆ ಬೈಗುಳ, ಕೊನೆಗೆ ಕ್ಷಮಾಪಣೆ. ಈ ಮೂರೂ ಒಂದರ ಹಿಂದೊಂದು ಬಂದರೆ ಮುಂದೆ ಪರೀಕ್ಷಿಸುವುದೇನೂ ಉಳಿದಿಲ್ಲ.

ಮೊದಲು ಎಲ್ಲ ಮಾತುಕತೆಯ, ಅವನ ಪ್ರೊಫೈಲಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಅನ್‌ಮ್ಯಾಚ್ ಮಾಡಿದೊಡನೆ ಚಾಟ್ ಕಣ್ಣಿಗೆ ಬೀಳದಂತಾಗುತ್ತದೆ. ಆಮೇಲೆ ಒಂದೇ ಒಂದು ಮೆಸೇಜು: “ನನಗೆ ಈ ಪರಿಚಯ ಮುಂದುವರಿಸುವ ಇಷ್ಟವಿಲ್ಲ. ದಯವಿಟ್ಟು ಇನ್ನು ಸಂಪರ್ಕಿಸಬೇಡಿ.” ಕಾರಣ ಕೊಡಬೇಡಿ, ಕೊಟ್ಟ ಪ್ರತಿ ಕಾರಣವೂ ಅವನಿಗೆ ವಾದಕ್ಕೆ ಎಳೆಯಾಗುತ್ತದೆ. ಮೆಸೇಜು ತಲುಪಿದ್ದರ ಸ್ಕ್ರೀನ್‌ಶಾಟನ್ನೂ ತೆಗೆದುಕೊಂಡು, ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಎಲ್ಲೆಡೆ ಬ್ಲಾಕ್ ಮಾಡಿ. ನಮ್ಮ ಹುಡುಗಿ ಎಡವಿದ್ದು ಇಲ್ಲಿಯೇ. ಹೊಸ ನಂಬರಿನಿಂದ ಮೂವತ್ತು ಸಲ ಕರೆ ಬಂದ ಮೇಲೆ “ಪ್ಲೀಸ್, ಬಿಟ್ಟುಬಿಡು” ಎಂದು ಹೇಳಲು ಫೋನ್ ಎತ್ತಿದಳು. ಮೂವತ್ತು ಸಲ ಮಾಡಿದರೆ ಎತ್ತುತ್ತಾಳೆ ಎಂಬುದು ಅವನಿಗೆ ಗೊತ್ತಾಯಿತು.

ಆ ‘ಬೇಡ’ಕ್ಕೆ ಕಾನೂನಿನಲ್ಲೂ ತೂಕವಿದೆ. ಹೆಣ್ಣೊಬ್ಬಳು ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಸಂಪರ್ಕಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅದು ಅಪರಾಧ. ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲು. cybercrime.gov.in ನಲ್ಲಿ ಅಥವಾ ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು.

“ನೀನಿಲ್ಲದಿದ್ದರೆ ಸಾಯ್ತೀನಿ” ಎಂದು ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬರೇ ಹೊರಲೂ ಬೇಡಿ. 112ಕ್ಕೆ ತಿಳಿಸಿ, ಅವನಿಗೆ ಟೆಲಿ ಮಾನಸ್‌ನ 14416 ಕೊಡಿ. ಆದರೆ ಅದಕ್ಕಾಗಿ ಮಾತುಕತೆ ಮತ್ತೆ ಶುರು ಮಾಡಬೇಡಿ. ನಿಮ್ಮ ಮನೆ, ಆಫೀಸು ಅವನಿಗೆ ಗೊತ್ತಿದ್ದರೆ ಅಕ್ಕನಿಗೋ ರೂಮ್‌ಮೇಟಿಗೋ ಇವತ್ತು ರಾತ್ರಿಯೇ ಅವನ ಫೋಟೊ ತೋರಿಸಿ, ನಡೆದದ್ದನ್ನೆಲ್ಲ ಹೇಳಿಡಿ.